ಪಿಕಪ್ ಪಾಯಿಂಟ್ ಬದಲಾದಾಗ ಡ್ರೈವರಿಗೆ ಏನು ಬರೆಯಬೇಕು: ಎರಡು ಮೆಸೇಜುಗಳ ಹೋಲಿಕೆ

ಬೆಂಗಳೂರಿನ ವಿಜಯನಗರದ ಮಗು. ಇಷ್ಟು ದಿನ ಮಾರುತಿ ಮಂದಿರದ ಹತ್ತಿರ ಸ್ಕೂಲ್ ಬಸ್ ಹತ್ತುತ್ತಿತ್ತು. ಇನ್ನು ಮುಂದೆ ಬೆಳಿಗ್ಗೆ ಅಜ್ಜಿ ಮನೆಯಿಂದ, ಅಂದರೆ ಅತ್ತಿಗುಪ್ಪೆಯಿಂದ ಹತ್ತಬೇಕು. ಸಾಮಾನ್ಯವಾಗಿ ಹೋಗುವ ಮೆಸೇಜು ಹೀಗಿರುತ್ತದೆ:

"ಅಣ್ಣ ನಮಸ್ತೆ, ನಮ್ಮ ಆಫೀಸ್ ಟೈಮ್ ಚೇಂಜ್ ಆಗಿದೆ, ಪಾಪು ಅಜ್ಜಿ ಮನೇಲಿ ಇರ್ತಾಳೆ. ನಾಳೆಯಿಂದ ಮೆಟ್ರೊ ಹತ್ರ ಪಿಕಪ್ ಮಾಡ್ಕೊಳ್ಳಿ. ಸಂಜೆ ನಾವು ನೋಡ್ಕೋತೀವಿ."

ಎರಡನೆಯದು:

"ಅಣ್ಣ ನಮಸ್ತೆ. ರೂಟ್ 7, 2ನೇ ಕ್ಲಾಸ್ ಬಿ ಸೆಕ್ಷನ್ ಅನನ್ಯ.
ಜೂನ್ 16 ಸೋಮವಾರದಿಂದ ಬೆಳಿಗ್ಗೆ ಮಾರುತಿ ಮಂದಿರದಲ್ಲಿ ಇರಲ್ಲ, ಅಲ್ಲಿ ಕಾಯಬೇಡಿ.
ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ ಮುಂದೆ, ವಿಜಯನಗರದಿಂದ ಬರುವಾಗ ಎಡಗಡೆ ಹತ್ತುತ್ತಾಳೆ.
ಸಂಜೆ ಬದಲಾವಣೆ ಇಲ್ಲ, ಮಾರುತಿ ಮಂದಿರದಲ್ಲೇ ಇಳಿಸಿ.
ಅತ್ತಿಗುಪ್ಪೆಗೆ ಎಷ್ಟು ಗಂಟೆಗೆ ಬರ್ತೀರ, ಹೇಳಿ."

ಮೊದಲನೆಯದು ನಯವಾಗಿದೆ, ಆದರೆ ಬಸ್ಸಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಕಳಿಸಿದ "ನಾಳೆ"ಯನ್ನು ಡ್ರೈವರ್ ಬೆಳಿಗ್ಗೆ ಓದಿದರೆ ಒಂದು ದಿನ ಮುಂದಕ್ಕೆ ಹೋಯಿತು. ವಿಜಯನಗರದಲ್ಲೂ ಮೆಟ್ರೊ ಸ್ಟೇಷನ್ ಇರುವುದರಿಂದ "ಮೆಟ್ರೊ ಹತ್ರ" ಎಂದರೆ ಯಾವುದು ಎಂದು ಗೊತ್ತಾಗುವುದಿಲ್ಲ. ಗೊತ್ತಾದರೂ ರಸ್ತೆಯ ಯಾವ ಬದಿ? ಬಸ್ಸಿನ ಬಾಗಿಲು ಎಡಕ್ಕಿರುತ್ತದೆ. ಮಗು ಎದುರು ಬದಿಯಲ್ಲಿ ನಿಂತಿದ್ದರೆ ಬೆಳಗಿನ ಟ್ರಾಫಿಕ್ಕಿನಲ್ಲಿ ಅಜ್ಜಿ ಅವಳನ್ನು ಹಿಡಿದುಕೊಂಡು ಕಾರ್ಡ್ ರೋಡ್ ದಾಟಬೇಕು. ಎಲ್ಲಕ್ಕಿಂತ ಅಪಾಯದ ಸಾಲು ಕೊನೆಯದು. "ನೋಡ್ಕೋತೀವಿ" ಎಂದರೆ ಶಾಲೆಗೇ ಬಂದು ಕರೆದುಕೊಂಡು ಹೋಗುತ್ತಾರೋ, ಸ್ಟಾಪಿನಲ್ಲಿ ನಿಂತಿರುತ್ತಾರೋ? ಆಯಮ್ಮ ಮೊದಲನೆಯದು ಎಂದುಕೊಂಡರೆ ಮಗು ಶಾಲೆಯಲ್ಲೇ ಉಳಿಯುತ್ತದೆ.

ಎರಡನೆಯದರಲ್ಲಿ ಆಫೀಸಿನ ವಿಷಯವಿಲ್ಲ, ಡ್ರೈವರಿಗೆ ಅದು ಬೇಕಾಗಿಯೂ ಇಲ್ಲ. ಹಳೇ ಸ್ಟಾಪಿನ ಹೆಸರು ಮಾತ್ರ ಇರಲೇಬೇಕು, ಇಲ್ಲದಿದ್ದರೆ ಅಭ್ಯಾಸಬಲದಿಂದ ಅಲ್ಲಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಾರೆ. ಸಮಯವನ್ನು ನಾವೇ ಬರೆಯದೆ ಪ್ರಶ್ನೆಯಾಗಿ ಬಿಟ್ಟದ್ದಕ್ಕೂ ಕಾರಣವಿದೆ. ಬರೀ "ಓಕೆ" ಅಥವಾ ಹೆಬ್ಬೆರಳಿನ ಚಿತ್ರ ಬಂದರೆ ಓದಿದ್ದಾರೆ ಅನ್ನುವ ಖಾತರಿ ಇಲ್ಲ. "7.25ಕ್ಕೆ ಬರ್ತೀನಿ" ಎಂದು ಬಂದರೆ ಜಾಗ ಅರ್ಥವಾಗಿದೆ ಎಂದು ಲೆಕ್ಕ.

ವಾಯ್ಸ್ ಮೆಸೇಜು ಓದಲು ಕಷ್ಟಪಡುವವರಿಗೆ ಒಳ್ಳೆಯದು, ಇದೇ ಸಾಲುಗಳನ್ನು ಇದೇ ಕ್ರಮದಲ್ಲಿ ಹೇಳಿದರೆ ಸಾಕು. ಆದರೆ ತಾರೀಖು ಮರೆತರೆ ಮತ್ತೆ ಪೂರ್ತಿ ಕೇಳಬೇಕು. ಲೊಕೇಶನ್ ಪಿನ್ ಒಂದನ್ನೇ ನಂಬಬೇಡಿ, ಅದು ಎಷ್ಟೋ ಸಲ ಹಿಂದಿನ ಗಲ್ಲಿಯಲ್ಲೋ ರಸ್ತೆಯ ಆಚೆ ಬದಿಯಲ್ಲೋ ಬೀಳುತ್ತದೆ. ಡ್ರೈವರ್ ರಜೆ ಹಾಕಿದ ದಿನ ಇವೆಲ್ಲ ಅವರ ಫೋನಿನಲ್ಲೇ ಉಳಿಯುತ್ತವೆ. ಆಗ ಕೆಲಸಕ್ಕೆ ಬರುವುದು ಆಯಮ್ಮನ ಕೈಗೆ ಕೊಟ್ಟ ಚೀಟಿಯೇ.

ಕಳಿಸುವ ಮೊದಲು ಆ ರೂಟ್ ಗೊತ್ತಿಲ್ಲದವರೊಬ್ಬರಿಗೆ ಓದಲು ಕೊಡಿ. ಯಾವ ಮಗು, ಎಂದಿನಿಂದ, ಯಾವ ಬದಿ, ಸಂಜೆ ಎಲ್ಲಿ ಎಂದು ಕೇಳಿ. ಒಂದಕ್ಕಾದರೂ "ಬಹುಶಃ" ಎಂದರೆ ಆ ಸಾಲನ್ನು ತಿದ್ದಿ. ಶಾಲೆಯ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಒಪ್ಪಿಗೆ ಬೇಕಿದ್ದರೆ ಅದನ್ನು ಪಡೆದ ಮೇಲೆ ಇದೇ ಮೆಸೇಜನ್ನು ಅವರಿಗೂ ಕಳಿಸಿ, ಬೇರೆ ಮಾತಿನಲ್ಲಿ ಬರೆಯಲು ಹೋಗಬೇಡಿ.