ಅರ್ಧರ್ಧ ಕಂತಿನ ಸ್ಕೀಮಿಗೆ ಸಹಿ ಹಾಕುವ ಮುಂಚೆ

ಮನೆ ಸಾಲ ಇರುವವರಿಗೆಲ್ಲ ಈ ಬರಹ. "ತಿಂಗಳ ಕಂತನ್ನು ಎರಡು ಭಾಗ ಮಾಡಿ ಹದಿನೈದು ದಿನಕ್ಕೊಮ್ಮೆ ಅರ್ಧ ಕಟ್ಟಿ, ಸಾಲ ಮೂರೂವರೆ ವರ್ಷ ಬೇಗ ಮುಗಿಯುತ್ತೆ" ಎಂದು ಯಾರಾದರೂ ಬಂದರೆ ಸ್ವಲ್ಪ ತಡೆಯಿರಿ. ಈ ಲೆಕ್ಕ ಸುಳ್ಳಲ್ಲ. ಆದರೆ ಲೆಕ್ಕ ತೋರಿಸುವುದು ಒಂದು, ಮಾಡಿಕೊಡುವುದು ಇನ್ನೊಂದು. ನಮಗೆ ಹಾಗೇ ಆಯಿತು.

ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಮನೆ. ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 25 ಲಕ್ಷ ಸಾಲ. ಬಡ್ಡಿ ಶೇ 8.5, ಫ್ಲೋಟಿಂಗ್, ಅಂದರೆ ನಡುವೆ ಏರಿಳಿಯಬಹುದಾದ ದರ. ಅವಧಿ 20 ವರ್ಷ, ತಿಂಗಳ ಕಂತು 21,696 ರೂಪಾಯಿ. ಸಾಲ ಕೈಗೆ ಬಂದ ಕೂಡಲೇ ಅದೇ ಕಂಪನಿಯ ಏಜೆಂಟ್ ಒಂದು ಚಾರ್ಟ್ ಹಿಡಿದು ಮನೆಗೆ ಬಂದ. ಎಡಗಡೆ ಮಾಮೂಲಿ ಲೆಕ್ಕ: 240 ಕಂತು, ಒಟ್ಟು ಬಡ್ಡಿ 27 ಲಕ್ಷ ಚಿಲ್ಲರೆ. ಬಲಗಡೆ ಅರ್ಧ ಕಂತಿನ ಲೆಕ್ಕ: 10,848 ರೂಪಾಯಿಯಂತೆ ಕಟ್ಟುತ್ತಾ ಹೋದರೆ ಹದಿನಾರೂವರೆ ವರ್ಷದೊಳಗೆ ಸಾಲ ಖಲಾಸ್, ಬಡ್ಡಿಯಲ್ಲಿ ಐದೂವರೆ ಲಕ್ಷಕ್ಕಿಂತ ಜಾಸ್ತಿ ಉಳಿತಾಯ.

"ಸರ್, ನಿಮ್ಮ ಜೇಬಿಂದ ಒಂದು ರೂಪಾಯಿನೂ ಜಾಸ್ತಿ ಹೋಗಲ್ಲ. ಕಟ್ಟೋದು ಅಷ್ಟೇ ದುಡ್ಡು, ಎರಡು ಸಲ ಕಟ್ಟಬೇಕು, ಅಷ್ಟೇ" ಅಂದ.

ಯಾರ ಬಾಯಲ್ಲಾದರೂ ಈ ಮಾತು ಬಂದರೆ ಅಲ್ಲೇ ನಿಲ್ಲಿಸಿ ಕೇಳಿ, ಮತ್ತೆ ಐದು ಲಕ್ಷ ಎಲ್ಲಿಂದ ಬಂತು ಅಂತ. ಉತ್ತರ ಸರಳ. ವರ್ಷಕ್ಕೆ 52 ವಾರ. ಎರಡು ವಾರಕ್ಕೊಮ್ಮೆ ಅಂದರೆ 26 ಅರ್ಧ ಕಂತು, ಅಂದರೆ 13 ಪೂರ್ತಿ ಕಂತು. ತಿಂಗಳ ಲೆಕ್ಕದಲ್ಲಿ ಕಟ್ಟುವವರು ವರ್ಷಕ್ಕೆ 12 ಕಟ್ಟುತ್ತಾರೆ. ಆ ಹದಿಮೂರನೆಯ ಕಂತು ಪೂರ್ತಿ ಅಸಲಿಗೆ ಹೋಗುತ್ತದೆ. ಮೂರೂವರೆ ವರ್ಷ ಉಳಿಸುವುದು ಅದೊಂದೇ. ಅದು ನಮ್ಮ ಜೇಬಿಂದಲೇ ಹೋಗುವ ದುಡ್ಡು, ವರ್ಷಕ್ಕೆ 21,696 ರೂಪಾಯಿ.

ಹಾಗಾದರೆ ಅರ್ಧ ಕಂತನ್ನು ಹದಿನೈದು ದಿನ ಮೊದಲೇ ಕಟ್ಟಿದ್ದಕ್ಕೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ, ಬಹಳ ಕಡಿಮೆ. ಸಾಲ ಕೊಟ್ಟವರು ಪ್ರತಿದಿನದ ಬಾಕಿಯ ಮೇಲೆ ಬಡ್ಡಿ ಹಾಕುವವರಾಗಿದ್ದು, ದುಡ್ಡು ಬಂದ ದಿನವೇ ಸಾಲದ ಖಾತೆಗೆ ಜಮಾ ಮಾಡಿದರೆ, 10,848 ರೂಪಾಯಿಗೆ ಹದಿನೈದು ದಿನದ ಬಡ್ಡಿ ಸುಮಾರು 38 ರೂಪಾಯಿ. ತಿಂಗಳಿಗೆ ಅಷ್ಟೇ ಉಳಿಯುವುದು. 20 ವರ್ಷಕ್ಕೆ ಸೇರಿಸಿ ನೋಡಿದರೆ 24 ಸಾವಿರದ ಆಸುಪಾಸು, ಅಂದರೆ ಕೊನೆಯ ಒಂದು ಕಂತು ಕಡಿಮೆಯಾದೀತು. ತಿಂಗಳಿಗೊಮ್ಮೆ ಮಾತ್ರ ಬಾಕಿ ನೋಡಿ ಬಡ್ಡಿ ಹಾಕುವವರಾದರೆ ಅದೂ ಇಲ್ಲ.

ಈಗ ನಮ್ಮ ಕಾಗದಕ್ಕೆ ಬರೋಣ. ಚಾರ್ಟಿನಲ್ಲಿದ್ದದ್ದು 26 ಅರ್ಧ ಕಂತಿನ ಲೆಕ್ಕ. ಬ್ಯಾಂಕ್ ಖಾತೆಯ ಮೇಲೆ ಹಾಕಿಸಿಕೊಂಡ ಆಟೋ ಡೆಬಿಟ್ ಮಾತ್ರ ಪ್ರತಿ ತಿಂಗಳು 1ನೇ ತಾರೀಕು ಮತ್ತು 16ನೇ ತಾರೀಕು. ತಿಂಗಳಿಗೆ ಎರಡು, ವರ್ಷಕ್ಕೆ 24. ಹದಿಮೂರನೆಯ ಕಂತು ಅಲ್ಲೇ ಮಾಯ. ಮಾತಿನಲ್ಲಿ ಎರಡೂ "ಹದಿನೈದು ದಿನಕ್ಕೊಮ್ಮೆ" ತಾನೇ, ಯಾರಿಗೆ ಅನುಮಾನ ಬರುತ್ತದೆ! ಈ ವ್ಯವಸ್ಥೆ ಮಾಡಿಕೊಟ್ಟದ್ದಕ್ಕೆ 7,500 ರೂಪಾಯಿ ಶುಲ್ಕ, ಅದರ ಮೇಲೆ ಜಿಎಸ್‌ಟಿ.

ಇದು ಗೊತ್ತಾದದ್ದು ವರ್ಷ ಕಳೆದ ಮೇಲೆ, ನನ್ನ ಹೆಂಡತಿಯಿಂದ. ಅವಳು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಬೆಳೆಗಾರರಿಗೆ ಕೊಟ್ಟ ಮುಂಗಡಕ್ಕೆ ಬಡ್ಡಿ ಹಾಕುವಾಗ ದುಡ್ಡು ಯಾವತ್ತು ಬಂತು, ಯಾವತ್ತು ಜಮಾ ಆಯಿತು ಎಂದು ನೋಡುವುದೇ ಅವಳ ದಿನದ ಕೆಲಸ. ಆದಾಯ ತೆರಿಗೆಗೆ ಬೇಕು ಅಂತ ಸಾಲದ ಸ್ಟೇಟ್‌ಮೆಂಟ್ ತೆಗೆಸಿದ್ದೆವು.

"ರೀ, 16ಕ್ಕೆ ಹೋದ ದುಡ್ಡು ಸಾಲಕ್ಕೆ ಜಮಾ ಆಗಿದ್ದು ಮುಂದಿನ ತಿಂಗಳು 5ಕ್ಕೆ. ಅಲ್ಲೀತನಕ ಅವರ ಹತ್ರ ಸುಮ್ನೆ ಕೂತಿದೆ ನೋಡಿ" ಅಂದಳು.

ನಿಜ. ಪ್ರತಿ ಅರ್ಧ ಕಂತಿನ ಎದುರು "ಅನ್‌ಅಡ್ಜಸ್ಟೆಡ್ ಅಮೌಂಟ್" ಎಂದಿತ್ತು. ನಮ್ಮ ಕಂತಿನ ದಿನ 5ನೇ ತಾರೀಕು. ಹಿಂದಿನ ತಿಂಗಳ 16ರ ಅರ್ಧ ಮತ್ತು ಈ ತಿಂಗಳ 1ರ ಅರ್ಧ ಎರಡನ್ನೂ ಬೇರೆ ಕಡೆ ಇಟ್ಟು, 5ಕ್ಕೆ ಒಟ್ಟಿಗೆ ಒಂದು ಕಂತು ಎಂದು ಬರೆದುಕೊಂಡಿದ್ದಾರೆ. ಇಪ್ಪತ್ತು ದಿನ ನಮ್ಮ ದುಡ್ಡು ಅವರ ಬಳಿ, ನಮಗೆ ಬಡ್ಡಿಯಲ್ಲಿ ಒಂದು ಪೈಸೆ ಕಡಿಮೆಯಿಲ್ಲ. ಆ 38 ರೂಪಾಯಿಯೂ ಸಿಗಲಿಲ್ಲ ಅಂದಂತಾಯಿತು. ಅದರ ಜೊತೆಗೆ, ಸಂಬಳ ಬರುವುದು ತಿಂಗಳಿಗೊಮ್ಮೆ. ಮಕ್ಕಳ ಫೀಸು ಕಟ್ಟಿದ ತಿಂಗಳು 16ಕ್ಕೆ ಖಾತೆಯಲ್ಲಿ ದುಡ್ಡು ಸಾಲದೆ ಡೆಬಿಟ್ ವಾಪಸ್ ಹೋಯಿತು. ಬೌನ್ಸ್ ಶುಲ್ಕವನ್ನು ಕಂಪನಿಯೂ ಹಾಕಿತು, ಬ್ಯಾಂಕೂ ಹಾಕಿತು.

ನಿಮ್ಮಲ್ಲಿ ಯಾರಾದರೂ ಇಂಥ ಸ್ಕೀಮಿನಲ್ಲಿದ್ದರೆ ಪರೀಕ್ಷೆ ಮಾಡುವ ದಾರಿ ಇದು. ಸಾಲ ಕೊಟ್ಟಾಗ ಕೊಟ್ಟ ಮೂಲ ಕಂತಿನ ಪಟ್ಟಿ ತೆಗೆಯಿರಿ. 12ನೇ ಕಂತಿನ ಎದುರು ಉಳಿದ ಅಸಲು ಎಷ್ಟಿದೆ ನೋಡಿ. ಅದನ್ನು ಸ್ಟೇಟ್‌ಮೆಂಟಿನಲ್ಲಿ ಅದೇ 12ನೇ ಕಂತಿನ ನಂತರ ಉಳಿದ ಅಸಲಿನ ಪಕ್ಕ ಇಡಿ. ನಮ್ಮ ಮೂಲ ಪಟ್ಟಿಯಲ್ಲಿ 24 ಲಕ್ಷ 50 ಸಾವಿರ ಚಿಲ್ಲರೆ ಇತ್ತು. 26 ಅರ್ಧ ಕಂತು ನಿಜವಾಗಿ ಅಸಲಿಗೆ ಹೋಗಿದ್ದರೆ 24 ಲಕ್ಷ 27 ಸಾವಿರದ ಹತ್ತಿರ ಇರಬೇಕಿತ್ತು. ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು ಮೂಲ ಪಟ್ಟಿಯ ಅಂಕಿಯೇ. ನಡುವೆ ಬಡ್ಡಿ ದರ ಬದಲಾಗಿರಲಿಲ್ಲ, ಹಾಗಾಗಿ ಬೇರೆ ನೆಪ ಹೇಳುವ ಹಾಗೂ ಇರಲಿಲ್ಲ. ನಿಮ್ಮ ದರ ನಡುವೆ ಬದಲಾಗಿದ್ದರೆ ಹೊಸ ಪಟ್ಟಿ ಕೇಳಿ ಪಡೆದು ಹೋಲಿಸಿ.

ಏಜೆಂಟಿನ ಚಾರ್ಟನ್ನು ನಂಬುವ ಬದಲು ನೀವೇ ಲೆಕ್ಕ ಹಾಕಬಹುದು. ಮೊಬೈಲಿನ ಯಾವುದಾದರೂ ಸ್ಪ್ರೆಡ್‌ಶೀಟಿನಲ್ಲಿ ಇದನ್ನು ಬರೆಯಿರಿ:

```
=NPER(8.5%/12, -21696, 2500000)
=NPER(8.5%/12, -23504, 2500000)
```

ಮೊದಲನೆಯದಕ್ಕೆ 240 ತಿಂಗಳು ಬರುತ್ತದೆ. ಎರಡನೆಯದರಲ್ಲಿ ಹದಿಮೂರನೆಯ ಕಂತನ್ನು ಹನ್ನೆರಡು ಭಾಗ ಮಾಡಿ, ತಿಂಗಳಿಗೆ 1,808 ರೂಪಾಯಿ ಸೇರಿಸಿದ್ದೇನೆ. ಅದಕ್ಕೆ 198 ತಿಂಗಳು ಚಿಲ್ಲರೆ. ಅಂದರೆ ಹದಿನಾರೂವರೆ ವರ್ಷ. ಹದಿನೈದು ದಿನದ ಗೋಜೇ ಇಲ್ಲದೆ ಹೆಚ್ಚುಕಡಿಮೆ ಅಷ್ಟೇ ಉಳಿತಾಯ ಆಯಿತಲ್ಲ!

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸಂಬಳದ ಜೊತೆ ಸ್ವಲ್ಪ ಅಡಿಕೆ ತೋಟವೂ ಇರುತ್ತದೆ. ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಒಂದಷ್ಟು ದುಡ್ಡು ಒಟ್ಟಿಗೆ ಕೈಗೆ ಬರುತ್ತದೆ. ಅಂಥವರಿಗೆ ಎರಡು ವಾರಕ್ಕೊಮ್ಮೆ ಕಟ್ಟುವುದು ಹೊಂದುವುದೇ ಇಲ್ಲ. ತಿಂಗಳ ಕಂತು ಹೇಗಿದೆಯೋ ಹಾಗೇ ಇರಲಿ. ವರ್ಷಕ್ಕೊಮ್ಮೆ ಒಂದೇ ಒಂದು ಕಂತಿನಷ್ಟು ದುಡ್ಡನ್ನು ಬೇರೆಯಾಗಿ ಅಸಲಿಗೆ ಕಟ್ಟಿ. ವರ್ಷದ ಕೊನೆಗೆ ಕಟ್ಟಿದರೂ ನಮ್ಮ ಸಾಲದ ಲೆಕ್ಕದಲ್ಲಿ ಮೂರು ವರ್ಷ ಮೂರು ತಿಂಗಳು ಕಡಿಮೆಯಾಗುತ್ತದೆ, ಬಡ್ಡಿಯಲ್ಲಿ ಐದು ಲಕ್ಷಕ್ಕಿಂತ ಜಾಸ್ತಿ ಉಳಿಯುತ್ತದೆ. ಬಡ್ಡಿ ದರ ಹೀಗೇ ಇದ್ದರೆ ಈ ಲೆಕ್ಕ, ಬದಲಾದರೆ ಅದು ಬೇರೆ ಮಾತು. ಯಾವ ಶುಲ್ಕವೂ ಬೇಡ. ವ್ಯಕ್ತಿಯ ಹೆಸರಿನ ಫ್ಲೋಟಿಂಗ್ ಬಡ್ಡಿಯ ಮನೆ ಸಾಲಕ್ಕೆ ಮೊದಲೇ ಕಟ್ಟಿದರೆಂದು ದಂಡ ಹಾಕುವಂತಿಲ್ಲ. ಬ್ಯಾಂಕಿಗೂ ಹೌಸಿಂಗ್ ಫೈನಾನ್ಸಿಗೂ ಇದೇ ನಿಯಮ.

ಅಸಲಿಗೆ ಕಟ್ಟುವಾಗಲೂ ಎರಡು ಕಡೆ ಕಾಲು ಜಾರುತ್ತದೆ. ಒಂದು, ತುಂಬಾ ಕಡೆ ಒಂದು ಕಂತಿಗಿಂತ ಕಡಿಮೆ ದುಡ್ಡನ್ನು ಭಾಗಶಃ ಪಾವತಿ ಎಂದು ತೆಗೆದುಕೊಳ್ಳುವುದೇ ಇಲ್ಲ. ಸುಮ್ಮನೆ ಖಾತೆಗೆ ಹಾಕಿದರೆ ಮುಂದಿನ ಕಂತಿನ ಮುಂಗಡ ಎಂದು ಇಟ್ಟುಕೊಳ್ಳುತ್ತಾರೆ. ನಿಜವಾದ 26ರ ಲೆಕ್ಕದಲ್ಲಿ ಅರ್ಧ ಕಂತು ಕಟ್ಟಿದವರಿಗೂ ಹೀಗೇ ಆಗಬಹುದು, ವರ್ಷಕ್ಕೆ ಹೆಚ್ಚು ಬಂದ ಎರಡು ಅರ್ಧಗಳು ಅಸಲು ಮುಟ್ಟದೆ ಹೊರಗೇ ಕೂರುತ್ತವೆ.

ಎರಡನೆಯದು ನಮಗೇ ಆಯಿತು. ಸ್ಕೀಮಿನಿಂದ ಹೊರಗೆ ಬಂದು, ತಿಂಗಳಿಗೊಂದೇ ಡೆಬಿಟ್ ಮಾಡಿಸಿ, ಅದೇ ವಾರ 21,696 ರೂಪಾಯಿ ಅಸಲಿಗೆ ಕಟ್ಟಿದೆವು. ಅವರು ಕಳಿಸಿದ ಹೊಸ ಪಟ್ಟಿಯಲ್ಲಿ ಅವಧಿ ಇದ್ದಷ್ಟೇ ಇತ್ತು. ಕಂತು ಮಾತ್ರ 21,504ಕ್ಕೆ ಇಳಿದಿತ್ತು, ತಿಂಗಳಿಗೆ 192 ರೂಪಾಯಿ ಕಡಿಮೆ. ನೋಡಲು ಖುಷಿಯೇ, ಆದರೆ ಅವಧಿ ಇಳಿಯದಿದ್ದರೆ ನಾವು ಲೆಕ್ಕ ಹಾಕಿದ ಉಳಿತಾಯ ಸಿಗುವುದಿಲ್ಲ. ದುರ್ಗಿಗುಡಿಯ ಹತ್ತಿರದ ಅವರ ಬ್ರಾಂಚಿಗೆ ಹೋಗಿ ಕಾಗದ ಕೊಟ್ಟೆವು: "ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ. ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ." ಒಂದು ಪ್ರತಿಗೆ ಸೀಲು ಹಾಕಿಸಿಕೊಂಡೆವು. ಇದು ಮುಖ್ಯ, ಬಾಯಿ ಮಾತಿಗೆ ಅಲ್ಲಿ ಯಾರೂ ಜವಾಬ್ದಾರರಲ್ಲ.

ತಿದ್ದಿದ ಪಟ್ಟಿ ಬಂತು. ಕಂತು 21,696. ಉಳಿದಿದ್ದ 228 ಕಂತುಗಳು 223ರ ಹತ್ತಿರಕ್ಕೆ ಇಳಿದಿವೆ. ಸಾಲದ ಮೊದಲ ವರ್ಷಗಳಲ್ಲಿ ಕಟ್ಟಿದ ಒಂದು ಕಂತು ಕೊನೆಯ ಐದು ಕಂತನ್ನು ತೆಗೆಯುತ್ತದೆ, ಏಕೆಂದರೆ ಆ ದುಡ್ಡಿನ ಮೇಲೆ ಮುಂದೆ ಹದಿನೆಂಟು ವರ್ಷ ಬೀಳಬೇಕಿದ್ದ ಬಡ್ಡಿ ನಿಲ್ಲುತ್ತದೆ. ಇದೇ ಒಂದು ಕಂತನ್ನು ಹದಿನೈದನೆಯ ವರ್ಷದಲ್ಲಿ ಕಟ್ಟಿದರೆ ಇಷ್ಟು ಸಿಗುವುದಿಲ್ಲ.

7,500 ರೂಪಾಯಿ ಶುಲ್ಕ ಇನ್ನೂ ವಾಪಸ್ ಬಂದಿಲ್ಲ. ಚಾರ್ಟಿನ ಪ್ರತಿ ಮತ್ತು ಡೆಬಿಟ್ ಒಪ್ಪಿಗೆ ಕಾಗದದ ಪ್ರತಿ ಎರಡನ್ನೂ ಇಟ್ಟು ಕಂಪನಿಯ ದೂರು ವಿಭಾಗಕ್ಕೆ ಬರೆದಿದ್ದೇವೆ. ಅಲ್ಲಿ ಆಗದಿದ್ದರೆ ಹೌಸಿಂಗ್ ಫೈನಾನ್ಸ್ ಕಂಪನಿಗಳ ಮೇಲಿನ ದೂರು ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ಹೋಗಬೇಕು. ನಿಮ್ಮ ಸಾಲ ಬ್ಯಾಂಕಿನದಾದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ. ಏಜೆಂಟ್ ತೋರಿಸಿದ ಚಾರ್ಟನ್ನು ದಯವಿಟ್ಟು ಬಿಸಾಡಬೇಡಿ, ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ.