60ರ ಡಿಶ್‌ಗೆ ಒಳ್ಳೆ ಎಲ್‌ಎನ್‌ಬಿಯೋ, ಹಳೆ ಎಲ್‌ಎನ್‌ಬಿಗೆ 90ರ ಡಿಶ್ಶೋ?

ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಹಳೆ ಟಿವಿ ಡಿಶ್ ಒಂದಿತ್ತು, 60 ಸೆಂ.ಮೀ. ಅಗಲದ್ದು. ಅದನ್ನು ಕತಾರ್‌ನ ಎಸ್‌ಹೈಲ್-2 ಉಪಗ್ರಹದ ಕಡೆ ತಿರುಗಿಸಿಟ್ಟಿದ್ದೆ. ಹ್ಯಾಮ್ ರೇಡಿಯೋದವರ ಮಾತನ್ನು ಮೇಲಿಂದ ಮರಳಿ ಕಳಿಸುವ ಕ್ಯೂಒ-100 ಇರುವುದು ಅದರಲ್ಲೇ. ಸಿಗ್ನಲ್ ಇಳಿಯುವುದು 10489.5 ಮೆಗಾಹರ್ಟ್ಸ್‌ನಿಂದ ಸ್ವಲ್ಪ ಮೇಲೆ. ನಮ್ಮಲ್ಲಿಂದ ಅದು ಪಶ್ಚಿಮಕ್ಕೆ, ಸುಮಾರು 30 ಡಿಗ್ರಿ ಎತ್ತರದಲ್ಲಿದೆ. ಉಪಗ್ರಹದಿಂದ ಸದಾ ಬರುವ ಗುರುತಿನ ಸಿಗ್ನಲ್, ಅಂದರೆ ಬೀಕನ್, ಚೆನ್ನಾಗಿ ಕೇಳುತ್ತಿತ್ತು. ಆದರೆ ಕಡಿಮೆ ಶಕ್ತಿಯಲ್ಲಿ ಮಾತಾಡುವವರ ದನಿ ಗದ್ದಲದಲ್ಲಿ ಮುಳುಗುತ್ತಿತ್ತು. ಡಿಶ್‌ನ ಮುಂದೆ ಹಿಡಿಕೆಯಲ್ಲಿ ಕೂತು ಸಿಗ್ನಲ್ ಹಿಗ್ಗಿಸಿ ಕಳಿಸುವ ಎಲ್‌ಎನ್‌ಬಿ ಬದಲಿಸಲೋ, ಡಿಶ್ ದೊಡ್ಡದು ಮಾಡಲೋ? ಗೆಳೆಯರಿಂದ ಎರಡನ್ನೂ ಕಡ ತಂದು ಒಂದೊಂದಾಗಿ ಹಾಕಿ ನೋಡಿದೆ.

ಮೊದಲು ಲೆಕ್ಕ. ಎಲ್ಲವೂ ಡೆಸಿಬೆಲ್‌ನಲ್ಲಿ:

```
C/N = EIRP - Lfs + G/T + 228.6 - 10·log10(B)
```

C/N ಅಂದರೆ ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಮೇಲಿದೆ ಅನ್ನುವುದು. 228.6 ಬದಲಾಗದ ಸಂಖ್ಯೆ. ಉಪಗ್ರಹ ಎಷ್ಟು ಶಕ್ತಿ ಕಳಿಸುತ್ತದೆ ಅನ್ನುವ EIRP ನಮ್ಮ ಕೈಲಿಲ್ಲ. 38,600 ಕಿ.ಮೀ. ದೂರದಲ್ಲಿ ಕಳೆದುಹೋಗುವ 204.6 ಡಿಬಿ, ಅಂದರೆ Lfs, ಕೂಡ ನಮ್ಮ ಕೈಲಿಲ್ಲ. B ಅಂದರೆ ಸಿಗ್ನಲ್‌ನ ಅಗಲ, ಮಾತಿಗೆ 2.7 ಕಿಲೋಹರ್ಟ್ಸ್ ಬೇಕೇ ಬೇಕು, ಅದು 34.3 ಡಿಬಿ. ನಾವು ಮುಟ್ಟಬಹುದಾದದ್ದು ಜಿ ಬೈ ಟಿ ಒಂದೇ. ಜಿ ಅಂದರೆ ಡಿಶ್‌ನ ಗೇನ್, ಅದು ಸಿಗ್ನಲ್ ಅನ್ನು ಎಷ್ಟು ಒಟ್ಟುಗೂಡಿಸಿ ಕೊಡುತ್ತದೆ ಅನ್ನುವುದು. ಟಿ ಅಂದರೆ ಆಕಾಶ, ನೆಲ, ಎಲ್‌ಎನ್‌ಬಿ ಎಲ್ಲ ಸೇರಿಸುವ ಗದ್ದಲ, ಕೆಲ್ವಿನ್‌ನಲ್ಲಿ.

ನನ್ನ 60ರ ಡಿಶ್‌ನ ಗೇನ್ ಸುಮಾರು 34.2 ಡಿಬಿ. ಆಕಾಶ ಮತ್ತು ಅಂಚಿನಿಂದ ಕಾಣುವ ನೆಲ ಸೇರಿ 40 ಕೆಲ್ವಿನ್ ಅಂದುಕೊಂಡೆ. ಹಳೆ ಎಲ್‌ಎನ್‌ಬಿ ತಾನೇ ಸೇರಿಸುವ ಗದ್ದಲದ ಅಳತೆ, ಅಂದರೆ ನಾಯ್ಸ್ ಫಿಗರ್, 1 ಡಿಬಿ, ಅದು 75 ಕೆಲ್ವಿನ್. ಒಟ್ಟು 115, ಡಿಬಿಯಲ್ಲಿ 20.6. ಕಳೆದರೆ ಜಿ ಬೈ ಟಿ 13.6. ಒಬ್ಬರ ದನಿಗೆ ಉಪಗ್ರಹದ ಪಾಲು 10 ಡಿಬಿ ವ್ಯಾಟ್ ಅಂತ ಇಟ್ಟುಕೊಂಡರೆ ಗದ್ದಲದ ಮೇಲೆ 13.3 ಡಿಬಿ ಉಳಿಯುತ್ತದೆ.

ಹೊಸ ಎಲ್‌ಎನ್‌ಬಿ 0.5 ಡಿಬಿಯದು, 35 ಕೆಲ್ವಿನ್. ಒಟ್ಟು ಗದ್ದಲ 75ಕ್ಕೆ ಇಳಿಯಿತು, ಲಾಭ 1.8 ಡಿಬಿ. ಇದನ್ನು ಕಾಗದದಲ್ಲೇ ನಂಬಬೇಕಿಲ್ಲ. ಡಿಶ್ ಅನ್ನು ಖಾಲಿ ಆಕಾಶಕ್ಕೊಮ್ಮೆ, ಪಕ್ಕದ ಗೋಡೆಗೊಮ್ಮೆ ತಿರುಗಿಸಿ, ಕಂಪ್ಯೂಟರ್‌ಗೆ ಜೋಡಿಸುವ ರೇಡಿಯೋ ಆದ ಎಸ್‌ಡಿಆರ್‌ನಲ್ಲಿ ಗದ್ದಲದ ಗೆರೆ ಎಷ್ಟು ಏರುತ್ತದೆ ನೋಡಿ. ಎಸ್‌ಡಿಆರ್‌ನ ಗೇನ್ ಮಾತ್ರ ಒಂದೇ ಕಡೆ ಕಟ್ಟಿಹಾಕಿರಬೇಕು. ಹಳೆಯದರಲ್ಲಿ 4.9 ಡಿಬಿ ಏರಿತು, ಹೊಸದರಲ್ಲಿ 6.2. ಲೆಕ್ಕದ ಪ್ರಕಾರ 5 ಮತ್ತು 6.4 ಬರಬೇಕಿತ್ತು, ಹತ್ತಿರವೇ ಇದೆ ಅಲ್ವಾ? ಎಲ್‌ಎನ್‌ಬಿ ಮೇಲೆ 0.1 ಡಿಬಿ ಅಂತ ಬರೆದಿದ್ದರೆ ಈ ಪರೀಕ್ಷೆ ಮಾಡದೆ ನಂಬಬೇಡಿ.

ಆಮೇಲೆ ಹಳೆ ಎಲ್‌ಎನ್‌ಬಿಯನ್ನೇ 90ರ ಡಿಶ್‌ಗೆ ಹಾಕಿದೆ. 3.5 ಡಿಬಿ ಜಾಸ್ತಿ ಸಿಗಬೇಕಿತ್ತು. ಸಿಕ್ಕಿದ್ದು ಬರೀ 2. ಕಿರಣದ ಅಗಲ 3.3 ಡಿಗ್ರಿಯಿಂದ 2.2ಕ್ಕೆ ಇಳಿದಿತ್ತು, 60ಕ್ಕೆ ಸಾಕಾಗಿದ್ದ ಅಂದಾಜು ಇದಕ್ಕೆ ಸಾಲಲಿಲ್ಲ. ಬೋಲ್ಟ್ ಸಡಿಲಿಸಿ ಬೆರಳಿನಷ್ಟೇ ಸರಿಸುತ್ತಾ ಬೀಕನ್ ನೋಡಿದೆ. ಎಲ್‌ಎನ್‌ಬಿಯನ್ನೂ ಹಿಡಿಕೆಯಲ್ಲಿ ಒಂದು ಸೆಂ.ಮೀ. ಹಿಂದೆ ಎಳೆದೆ. ಆಗ 3.3 ಬಂತು.

ಬಿಸಿಲಲ್ಲಿ ನೋಡಿದರೆ ಎರಡರ ನಡುವೆ ಒಂದೂಮುಕ್ಕಾಲು ಡಿಬಿ ಅಂತರ, ಅಷ್ಟೇ. ಎಲ್‌ಎನ್‌ಬಿ ಅಗ್ಗ, ಹಾಕುವುದೂ ಹತ್ತು ನಿಮಿಷದ ಕೆಲಸ. ನಾನೂ ಅದನ್ನೇ ಆರಿಸುತ್ತಿದ್ದೆ. ಅಷ್ಟರಲ್ಲಿ ಮೇ ತಿಂಗಳ ಸಂಜೆ ಮಳೆ ಹೊಡೆಯಿತು.

ಜೋರು ಮಳೆ 3 ಡಿಬಿ ನುಂಗಿತು ಅನ್ನಿ. ಸುಮ್ನೆ 3 ಕಳೆದರೆ ಸಾಲದು. ಸಿಗ್ನಲ್ ನುಂಗುವ ಮಳೆ ತಾನೂ ಗದ್ದಲ ಸೂಸುತ್ತದೆ. ತಣ್ಣನೆ ಆಕಾಶದ ಜಾಗದಲ್ಲಿ ಡಿಶ್‌ಗೆ ಬೆಚ್ಚನೆ ನೀರು ಕಾಣುತ್ತದೆ. 40 ಇದ್ದದ್ದು 170 ಕೆಲ್ವಿನ್ ಹತ್ತಿರ ಹೋಗುತ್ತದೆ. ಆಗ ಹಳೆ ಎಲ್‌ಎನ್‌ಬಿಯ ಒಟ್ಟು 245, ಹೊಸದರದ್ದು 205. ಬಿಸಿಲಲ್ಲಿದ್ದ 1.8 ಡಿಬಿ ಲಾಭ 0.8ಕ್ಕೆ ಕರಗಿತು. ಡಿಶ್‌ನ 3.5 ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಅದು ಗೇನ್, ಮಳೆಗೂ ಅದಕ್ಕೂ ಸಂಬಂಧವಿಲ್ಲ. ಮೇಲಿನ ದನಿಯನ್ನೇ ತೆಗೆದುಕೊಂಡರೆ ಮಳೆಯಲ್ಲಿ 60ಕ್ಕೆ ಒಳ್ಳೆ ಎಲ್‌ಎನ್‌ಬಿ ಹಾಕಿದಾಗ 7.8 ಡಿಬಿ, 90ಕ್ಕೆ ಹಳೆಯದು ಹಾಕಿದಾಗ 10.5. ಮೊದಲನೆಯದರಲ್ಲಿ ಮಾತು ಅರ್ಥಮಾಡಿಕೊಳ್ಳಲು ಕಿವಿಗೊಡಬೇಕು, ಎರಡನೆಯದರಲ್ಲಿ ಆರಾಮಾಗಿ ಕೇಳಬಹುದು.

ಹಾಗಾಗಿ ನಾನು ಉಳಿಸಿಕೊಂಡದ್ದು 90ರ ಡಿಶ್. ಬಾಲ್ಕನಿಯಲ್ಲಿ 60ಕ್ಕಿಂತ ದೊಡ್ಡದು ಹಿಡಿಸದವರಿಗೆ ಎಲ್‌ಎನ್‌ಬಿಯೇ ದಾರಿ, ಅದು ಬಿಸಿಲಿನ ದಿನಕ್ಕೆ ನಿಜಕ್ಕೂ ಒಳ್ಳೆ ಲಾಭ. ದುಬಾರಿ ಕೇಬಲ್‌ಗೆ ಮಾತ್ರ ದುಡ್ಡು ಹಾಕಬೇಡಿ. ಎಲ್‌ಎನ್‌ಬಿ ಮೊದಲೇ 55 ಡಿಬಿಯಷ್ಟು ಹಿಗ್ಗಿಸಿ ಕಳಿಸುತ್ತದೆ. ಅದರ ಹಿಂದೆ ಕೇಬಲ್ 10 ಡಿಬಿ ಕಳೆದರೂ ಟಿಗೆ ಒಂದು ಕೆಲ್ವಿನ್ ಕೂಡ ಸೇರುವುದಿಲ್ಲ.