ಒಂದೇ ಜುಮುಕಿ, ಎರಡು ಡೆಮೊ ಸ್ಕ್ರಿಪ್ಟ್: ಎರಡನ್ನೂ ಹೇಳಿ ನೋಡಿದೆ

ನಾನು ಮನೆಯಲ್ಲೇ ಟೆರಾಕೋಟಾ ಓಲೆ, ಸರ ಮಾಡಿ ಇನ್‌ಸ್ಟಾಗ್ರಾಂ ಮತ್ತು ವಾಟ್ಸಾಪ್‌ನಲ್ಲಿ ಮಾರುತ್ತೇನೆ. ಕಳೆದ ವರ್ಷ ಒಂದೇ ಕೆಂಪು ಜುಮುಕಿಗೆ ಎರಡು ಬಗೆಯ ಡೆಮೊ ಮಾತು ಬರೆದು, ಎರಡನ್ನೂ ತಿಂಗಳುಗಟ್ಟಲೆ ಹೇಳಿ ನೋಡಿದೆ. ವಿಡಿಯೊದ ಉದ್ದ ಎರಡರಲ್ಲೂ ಸುಮಾರು ಒಂದು ನಿಮಿಷ.

ಮೊದಲನೆಯದು ಕಥೆಯಿಂದ ಶುರುವಾಗುತ್ತಿತ್ತು. ಕೆರೆ ಮಣ್ಣು ಸೋಸಿದ್ದು, ಹದ ಮಾಡಿದ್ದು, ಕೈಯಲ್ಲಿ ಗೆರೆ ಕೊರೆದದ್ದು. ಆಮೇಲೆ ‘ಹಗುರ, ಗಟ್ಟಿಮುಟ್ಟು, ಎಲ್ಲ ಸೀರೆಗೂ ಒಪ್ಪುತ್ತೆ’. ಕೊನೆಗೆ ‘ಬೆಲೆಗೆ ಮೆಸೇಜ್ ಮಾಡಿ, ನಾಲ್ಕು ದಿನದಲ್ಲಿ ಮನೆಗೆ ಬರುತ್ತೆ’. ನೋಡಿದವರು ಹೊಗಳಿದರು. ಆದರೆ ಮೆಸೇಜ್ ಮಾಡಿದವರೆಲ್ಲ ಕೇಳಿದ್ದು ಅವೇ ಮೂರು ಮಾತು: ಎಷ್ಟು? ಮಣ್ಣಲ್ವಾ, ನೀರು ಬಿದ್ರೆ ಕರಗಲ್ವಾ? ಕಿವಿ ಜಗ್ಗುತ್ತಾ? ಬೆಲೆ ಹೇಳಿದ ಮೇಲೆ ಅರ್ಧಕ್ಕರ್ಧ ಜನ ಸುಮ್ಮನಾಗುತ್ತಿದ್ದರು.

ಎರಡನೆಯದನ್ನು ಆ ಮೂರು ಪ್ರಶ್ನೆಗಳಿಂದಲೇ ಕಟ್ಟಿದೆ. ಮೊದಲು ಜುಮುಕಿ ಜೊತೆಯನ್ನು ಅಡುಗೆಮನೆಯ ತಕ್ಕಡಿ ಮೇಲೆ ಇಡುತ್ತೇನೆ: ‘ನೋಡಿ, ಎರಡೂ ಸೇರಿ 16 ಗ್ರಾಂ. ಒಂದು ಕಿವಿಗೆ 8.’ ‘ಹಗುರ’ ಎಂಬ ಮಾತು ಬೇಕಾಗುವುದೇ ಇಲ್ಲ. ಆಮೇಲೆ ಬಣ್ಣ ಹಚ್ಚದ ಒಂದು ಬಿಲ್ಲೆಯನ್ನು ಉಗುರಿನಿಂದ ತಟ್ಟುತ್ತೇನೆ. ಸರಿಯಾಗಿ ಬೆಂದದ್ದು ಟಣ್ ಎನ್ನುತ್ತದೆ, ಅರೆಬೆಂದದ್ದು ಟಪ್ ಎಂದು ಮಂಕಾಗಿ ಸದ್ದು ಮಾಡುತ್ತದೆ. ಅಂಥದ್ದೇ ಇನ್ನೊಂದು ಬಿಲ್ಲೆ ರಾತ್ರಿಯಿಂದ ನೀರಿನ ಲೋಟದಲ್ಲಿ ಕೂತಿರುತ್ತದೆ. ಅದನ್ನು ಎತ್ತಿ ತೋರಿಸಿದರೆ ಕರಗುವ ಪ್ರಶ್ನೆ ಅಲ್ಲಿಗೇ ಮುಗಿಯಿತು. ಬೆಂದ ಮಣ್ಣು ಮತ್ತೆ ಕೆಸರಾಗುವುದಿಲ್ಲ. ಅದರ ಹಿಂದೆಯೇ ಇನ್ನೊಂದು ಮಾತು: ‘ನೆಲಕ್ಕೆ ಬಿದ್ರೆ ಒಡೆಯುತ್ತೆ. ಸ್ನಾನಕ್ಕೆ ಮುಂಚೆ ತೆಗೆದಿಡಿ, ಬಣ್ಣ ಉಳಿಯುತ್ತೆ.’ ಇದನ್ನು ಹೇಳಲು ನನಗೆ ಅಳುಕಿತ್ತು. ಹೇಳಲು ಶುರು ಮಾಡಿದ ಮೇಲೆ ‘ಗಟ್ಟಿಮುಟ್ಟು ಅಂದಿದ್ರಲ್ಲ’ ಎಂಬ ದೂರು ನಿಂತಿತು.

ಬೆಲೆಯ ವಿಷಯದಲ್ಲೂ ಎರಡು ರೀತಿ ಹೇಳಿ ನೋಡಿದೆ. ‘ಮನೆಗೆ ತಲುಪಿಸಿ 380’ ಎಂದರೆ ಕೇಳಲು ಸುಲಭ, ಆದರೆ ಎರಡನೇ ಜೊತೆ ಕೊಳ್ಳುವವರಿಗೆ ಲಾಭ ಕಾಣುವುದಿಲ್ಲ. ‘ಒಂದು ಜೊತೆಗೆ 320, ಅಂಚೆ ಖರ್ಚು 60. ಎರಡು ಜೊತೆ ತಗೊಂಡ್ರೂ ಅಂಚೆ ಅದೇ 60’ ಎಂದ ಮೇಲೆ ಅಕ್ಕತಂಗಿಯರು, ಅಕ್ಕಪಕ್ಕದವರು ಸೇರಿ ತರಿಸತೊಡಗಿದರು. ಒಂದೇ ಡಬ್ಬಿಯಲ್ಲಿ ಎರಡು ಜೊತೆ ಕೂರುತ್ತದೆ, ನನಗೂ ನಷ್ಟವಿಲ್ಲ. ಬೆಲೆಯನ್ನು ವಿಡಿಯೊದ ಅರ್ಧದೊಳಗೆ ಹೇಳಿಬಿಡುತ್ತೇನೆ. ಮೆಸೇಜ್ ಕಡಿಮೆಯಾದವು, ಬಂದವುಗಳಲ್ಲಿ ಹೆಚ್ಚಿನವು ವಿಳಾಸ ಬರೆದುಕೊಂಡೇ ಬಂದವು.

ಡೆಲಿವರಿಯ ಮಾತಿನಲ್ಲಿ ಮಾತ್ರ ನನಗೆ ದೊಡ್ಡ ಏಟು ಬಿತ್ತು. ಮೊದಲ ಸ್ಕ್ರಿಪ್ಟಿನ ‘ನಾಲ್ಕು ದಿನ’ ನಂಬಿ ಶಿವಮೊಗ್ಗದ ಹುಡುಗಿಯೊಬ್ಬಳು ನಿಶ್ಚಿತಾರ್ಥಕ್ಕೆಂದು ಸೀರೆಯ ಬಣ್ಣಕ್ಕೆ ಹೊಂದುವ ಸೆಟ್ ಹೇಳಿದಳು. ಆಗ ಜುಲೈ, ಬಿಡದ ಮಳೆ. ಹಸಿ ಮಣ್ಣು ನೆರಳಿನಲ್ಲಿ ನಿಧಾನವಾಗಿ ಆರಬೇಕು. ಬೇಸಿಗೆಯಲ್ಲಿ ಮೂರ್ನಾಲ್ಕು ದಿನ ಸಾಕು, ಮಳೆಗಾಲದಲ್ಲಿ ವಾರ ಕಳೆದರೂ ಒಳಗೆ ತೇವ ಉಳಿದಿರುತ್ತದೆ. ನಾನು ಅವಸರಕ್ಕೆ ಸುಡುವ ಗೂಡಿಗೆ ಹಾಕಿದೆ. ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಪದಕವನ್ನೇ ಸಿಡಿಸಿತು. ಅವಳ ದುಡ್ಡು ವಾಪಸ್ ಮಾಡಿದೆ, ಆದರೆ ಅವಳ ದಿನಕ್ಕೆ ಸೆಟ್ ಸಿಗಲಿಲ್ಲ. ಈಗ ಆರಿದೆಯೇ ಎಂದು ನೋಡಲು ಪದಕವನ್ನು ಕೆನ್ನೆಗೆ ತಾಗಿಸುತ್ತೇನೆ. ತಣ್ಣಗೆನಿಸಿದರೆ ಇನ್ನೂ ತೇವವಿದೆ ಎಂದರ್ಥ.

ಅಂದಿನಿಂದ ಆ ಸಾಲನ್ನು ಎರಡಾಗಿ ಒಡೆದೆ: ‘ರೆಡಿ ಇರೋದನ್ನ ದುಡ್ಡು ಬಂದ ಮರುದಿನ ಸ್ಪೀಡ್ ಪೋಸ್ಟ್ ಮಾಡಿ ಟ್ರ್ಯಾಕಿಂಗ್ ನಂಬರ್ ಕಳಿಸ್ತೀನಿ. ನಿಮ್ಮ ಬಣ್ಣಕ್ಕೆ ಮಾಡಿಕೊಡೋದಾದ್ರೆ ಹನ್ನೆರಡು ದಿನ, ಮಳೆಗಾಲದಲ್ಲಿ ಇಪ್ಪತ್ತು. ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿ, ಒಡೆದಿದ್ರೆ ಬೇರೆ ಕಳಿಸ್ತೀನಿ.’ ಅಂಚೆಗೆ ಹಾಕುವ ದಿನ ನನ್ನ ಕೈಯಲ್ಲಿದೆ, ತಲುಪುವ ದಿನ ಇಲ್ಲ. ಹಾಗಾಗಿ ನನ್ನ ಕೈಯಲ್ಲಿರುವುದಕ್ಕಷ್ಟೇ ಮಾತು ಕೊಡುತ್ತೇನೆ.

ಒಂದು ನಿಮಿಷದ ವಿಡಿಯೊಗೆ ಎರಡನೆಯದೇ ಸರಿ ಎನ್ನುವುದು ನನ್ನ ಅನುಭವ. ಮೊದಲನೆಯದನ್ನು ಪೂರ್ತಿ ಬಿಟ್ಟಿಲ್ಲ. ಭಾನುವಾರ ಲೈವ್ ಕೂತಾಗ ಜನ ಅರ್ಧ ಗಂಟೆ ನಿಲ್ಲುತ್ತಾರೆ. ಅಲ್ಲಿ ಮಣ್ಣು ಹದ ಮಾಡುತ್ತಾ ಅದೇ ಕಥೆ ಹೇಳುತ್ತೇನೆ, ಹತ್ತು ನಿಮಿಷಕ್ಕೊಮ್ಮೆ 320 ಮತ್ತು 60 ಎಂದು ಬರೆದ ಸ್ಲೇಟನ್ನು ಎತ್ತಿ ಹಿಡಿಯುತ್ತೇನೆ.